ಇಂಗುಗುಂಡಿಯ ಗಣಿತ: ಮರಳು ಕುಡಿಯುವ ನೀರು, ಜೇಡಿ ಕುಡಿಯುವ ನೀರು

ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರದ ದಾರಿಯನ್ನು ಹಿಡಿದವನಿಗೆ ಕೆಮ್ಮಣ್ಣಿನ ದಿಣ್ಣೆಗಳೂ, ಪೂರ್ವಕ್ಕೆ ನವಲಗುಂದದ ದಾರಿಯನ್ನು ಹಿಡಿದವನಿಗೆ ಕಣ್ಣು ಹರಿಯುವವರೆಗೆ ಹಾಸಿದ ಎರೆಯ ಬಯಲೂ ಎದುರಾಗುತ್ತವೆ. ಒಂದೇ ಜಿಲ್ಲೆಯ ನೆರೆಹೊರೆಯಲ್ಲಿ ಭೂಮಿಯ ಸ್ವಭಾವವು ಇಷ್ಟು ಭಿನ್ನವಾಗಿರುವಾಗಲೂ ಮನೆಯ ಬಚ್ಚಲು ನೀರನ್ನು ನೆಲಕ್ಕಿಳಿಸುವ ಗುಂಡಿಯನ್ನು ಮಾತ್ರ ಎರಡೂ ಕಡೆ ಒಂದೇ ಅಳತೆಯಲ್ಲಿ, ಒಂದೇ ನಕ್ಷೆಯಂತೆ ತೋಡಿ ಕಲ್ಲು ತುಂಬಿ ಮುಚ್ಚುವ ರೂಢಿಯು ಬಂದುಬಿಟ್ಟಿದೆ. ಕೆಲವು ಗುಂಡಿಗಳು ಹತ್ತು ವರ್ಷ ಸದ್ದಿಲ್ಲದೆ ಕೆಲಸ ಮಾಡುವುದೂ, ಅದೇ ಅಳತೆಯ ಬೇರೆ ಗುಂಡಿಗಳು ಮೊದಲನೆಯ ಮಳೆಗಾಲದಲ್ಲಿಯೇ ತುಂಬಿ ಅಂಗಳಕ್ಕೆ ನೀರನ್ನು ಹಿಂದಿರುಗಿಸುವುದೂ ಈ ರೂಢಿಯ ಫಲ. ಗುಂಡಿಯ ಅಳತೆಯನ್ನು ನಿರ್ಣಯಿಸತಕ್ಕದ್ದು ನಕ್ಷೆಯಲ್ಲ, ಆ ನಿವೇಶನದ ಮಣ್ಣು. ಆ ಮಣ್ಣಿನ ಕುಡಿಯುವ ಶಕ್ತಿಯನ್ನು ಒಂದು ಸಣ್ಣ ಕುಳಿ, ಒಂದು ಅಳತೆಪಟ್ಟಿ, ಒಂದು ಗಡಿಯಾರ ಇವಿಷ್ಟರಿಂದಲೇ ಅಂದಾಜು ಮಾಡಬಹುದಾಗಿದೆ.

ಮಣ್ಣಿನ ಮೂಲಕ ನೀರು ಹರಿಯುವ ವೇಗಕ್ಕೆ ಒಂದು ನಿಯಮವಿದೆಯೆಂದು ತೋರಿಸಿದವನು ಫ್ರಾನ್ಸ್ ದೇಶದ ದಿಜೋ ನಗರದ ಎಂಜಿನಿಯರನಾದ ಹೆನ್ರಿ ಡಾರ್ಸಿ. ನಗರಕ್ಕೆ ಕುಡಿಯುವ ನೀರನ್ನು ತಂದುಕೊಟ್ಟ ಆತನು ಮರಳು ತುಂಬಿದ ಎತ್ತರದ ಕೊಳವೆಯಲ್ಲಿ ನೀರು ಬಿಟ್ಟು, ಎಷ್ಟು ಒತ್ತಡಕ್ಕೆ ಎಷ್ಟು ನೀರು ಹೊರಬರುತ್ತದೆಂಬುದನ್ನು ಅಳೆದು, ತನ್ನ ಫಲಿತಾಂಶವನ್ನು 1856ರಲ್ಲಿ ಪ್ರಕಟಿಸಿದನು. ಹರಿಯುವ ನೀರಿನ ಪ್ರಮಾಣವು ಒತ್ತಡದ ಇಳಿಜಾರಿಗೂ ಹರಿವಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಅನುಪಾತದಲ್ಲಿರುತ್ತದೆ; ಆ ಎರಡನ್ನೂ ಒಂದೇ ಸಮನಾಗಿಟ್ಟರೂ ಮಣ್ಣಿನಿಂದ ಮಣ್ಣಿಗೆ ಬದಲಾಗುವ ಒಂದು ಗುಣಾಂಕವು ಉಳಿಯುತ್ತದೆ. ಈ ಗುಣಾಂಕವನ್ನೇ ಮಣ್ಣಿನ ಪಾರಗಮ್ಯತೆ ಎನ್ನುವರು. ಮಧ್ಯಮ ಗಾತ್ರದ ಶುದ್ಧ ಮರಳಿನಲ್ಲಿ ಅದು ಸೆಕೆಂಡಿಗೆ ಒಂದು ಸೆಂಟಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಬಿಗಿಯಾದ ಜೇಡಿಯಲ್ಲಿ ಅದೇ ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಸಂಖ್ಯೆಗಳು ಮನಸ್ಸಿಗೆ ನಾಟುವುದಿಲ್ಲವಾದುದರಿಂದ ಹೀಗೆ ಹೇಳೋಣ: ತನ್ನ ಭಾರದಿಂದಲೇ ಕೆಳಗಿಳಿಯುವ ನೀರು ಅಂತಹ ಮರಳಿನಲ್ಲಿ ದಿನವೊಂದಕ್ಕೆ ಎಂಟೂವರೆ ಮೀಟರಿನಷ್ಟು ಇಂಗಿದರೆ, ಅಂತಹ ಜೇಡಿಯಲ್ಲಿ ವರ್ಷವೊಂದಕ್ಕೆ ಮೂರು ಸೆಂಟಿಮೀಟರಿನಷ್ಟು ಇಂಗುತ್ತದೆ. ಅಂತರವು ಒಂದು ಲಕ್ಷ ಪಟ್ಟು.

ಜೇಡಿಯಲ್ಲಿ ನೀರಿಗೆ ಎಡೆ ಕಡಮೆಯೆಂದು ಇದರಿಂದ ಊಹಿಸುವುದು ಸಹಜವಾದರೂ ಅದು ಸರಿಯಲ್ಲ. ಮರಳಿನ ಗಾತ್ರದಲ್ಲಿ ರಂಧ್ರಗಳ ಪಾಲು ಸಾಮಾನ್ಯವಾಗಿ ಮೂರನೆಯ ಒಂದು ಭಾಗಕ್ಕೆ ಸಮೀಪವಿದ್ದರೆ, ಜೇಡಿಯಲ್ಲಿ ಅದು ಅರ್ಧವನ್ನೇ ಮುಟ್ಟುವುದುಂಟು. ಅಂದರೆ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವುದು ಜೇಡಿಯೇ. ವ್ಯತ್ಯಾಸವಿರುವುದು ರಂಧ್ರಗಳ ಒಟ್ಟು ಮೊತ್ತದಲ್ಲಲ್ಲ, ಒಂದೊಂದು ರಂಧ್ರದ ಅಗಲದಲ್ಲಿ. ಕಿರಿದಾದ ದಾರಿಯಲ್ಲಿ ಹರಿಯುವ ನೀರಿನ ವೇಗವು ಆ ದಾರಿಯ ವ್ಯಾಸದ ವರ್ಗಕ್ಕೆ ಅನುಸಾರವಾಗಿರುವುದರಿಂದ, ವ್ಯಾಸವು ಅರ್ಧವಾದರೆ ವೇಗವು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಅಮೆರಿಕದ ಅಲೆನ್ ಹೇಜನ್ ಎಂಬಾತನು 1892ರಲ್ಲಿ ಸೋಸುಮರಳಿಗಾಗಿ ಕೊಟ್ಟ ಪ್ರಸಿದ್ಧ ಸೂತ್ರದ ತಿರುಳೂ ಇದೇ: ಕಣಗಳಲ್ಲಿ ಸಣ್ಣವುಗಳ ಗಾತ್ರವನ್ನು ತಿಳಿದು ಅದನ್ನು ವರ್ಗಮಾಡಿದರೆ ಪಾರಗಮ್ಯತೆಯ ಅಂದಾಜು ದೊರೆಯುತ್ತದೆ. ಮರಳಿನ ಕಣವು ಒಂದು ಮಿಲಿಮೀಟರಿನ ಐದನೆಯ ಒಂದು ಭಾಗವಿದ್ದು ಜೇಡಿಯ ಕಣವು ಅದರ ನೂರನೆಯ ಒಂದು ಭಾಗವಿದ್ದರೆ, ಇದೇ ತರ್ಕದಂತೆ ವೇಗದ ಅಂತರವು ನೂರರ ವರ್ಗ, ಎಂದರೆ ಹತ್ತು ಸಾವಿರ ಪಟ್ಟು ಆಗತಕ್ಕದ್ದು. ಹೇಜನ್ನನ ಸೂತ್ರವು ಜೇಡಿಗೆ ಅನ್ವಯಿಸುವುದಿಲ್ಲ; ಏಕೆಂದರೆ ಜೇಡಿಯ ಕಣಗಳು ಗುಂಡಗಿರದೆ ಕಟ್ಟಿಟ್ಟ ವೀಳ್ಯದೆಲೆಗಳಂತೆ ತೆಳುಹಾಳೆಗಳಾಗಿ ಒಂದರ ಮೇಲೊಂದು ಕುಳಿತಿದ್ದು, ತಮ್ಮ ಮೈಗೆ ಅಂಟಿದ ನೀರನ್ನು ಬಿಗಿಹಿಡಿದು, ಉಳಿದ ಸಂದಿಯನ್ನೂ ಕಿರಿದುಮಾಡುತ್ತವೆ. ಹತ್ತು ಸಾವಿರವು ಲಕ್ಷವಾಗುವುದು ಈ ಕಾರಣದಿಂದ.

ಹಾಗಾದರೆ ಜೇಡಿನೆಲದ ಗುಂಡಿಯು ಮರಳುನೆಲದ ಗುಂಡಿಗಿಂತ ಲಕ್ಷ ಪಟ್ಟು ದೊಡ್ಡದಾಗಿರಬೇಕೇ ಎಂಬ ಪ್ರಶ್ನೆಯು ಏಳುತ್ತದೆ. ಅದಕ್ಕೆ ಉತ್ತರವನ್ನು ಎರಡು ಹಂತಗಳಲ್ಲಿ ಹೇಳಬೇಕಾಗಿದೆ. ಮೊದಲನೆಯದಾಗಿ, ನಮ್ಮ ಹಿತ್ತಿಲುಗಳ ನೆಲವು ಬರಿಯ ಮರಳೂ ಅಲ್ಲ, ಬರಿಯ ಜೇಡಿಯೂ ಅಲ್ಲ. ಕೆಮ್ಮಣ್ಣಿನಲ್ಲಿ ಮರಳು, ರೇವೆಮಣ್ಣು, ಜೇಡಿ ಮೂರೂ ಬೆರೆತು ಉಂಡೆಉಂಡೆಯಾಗಿ ಕೂಡಿಕೊಂಡಿರುತ್ತವೆ; ಬೇರು ಕೊಳೆತ ಬಿಲಗಳೂ ಎರೆಹುಳು ಕೊರೆದ ಹಾದಿಗಳೂ ನೀರಿಗೆ ಒಳದಾರಿಗಳಾಗುತ್ತವೆ. ಪುಸ್ತಕದ ಪಟ್ಟಿಯಲ್ಲಿ ಮಣ್ಣಿನ ಹೆಸರನ್ನು ಹುಡುಕಿ ಅದರ ಎದುರಿಗಿರುವ ಅಂಕಿಯನ್ನು ಎತ್ತಿಕೊಂಡರೆ ನೂರು ಪಟ್ಟು ತಪ್ಪಾದರೂ ಆಶ್ಚರ್ಯವಿಲ್ಲ; ಅದಕ್ಕಾಗಿಯೇ ನೆಲವನ್ನು ಆಯಾ ಸ್ಥಳದಲ್ಲಿಯೇ ಪರೀಕ್ಷಿಸಬೇಕೆಂಬ ವಿಧಿಯುಂಟು. ಎರಡನೆಯದನ್ನು ಪರೀಕ್ಷೆಯಾದ ಬಳಿಕ ನೋಡೋಣ.

ಭಾರತೀಯ ಮಾನಕವಾದ ಐಎಸ್ 2470ರ ಎರಡನೆಯ ಭಾಗದಲ್ಲಿ ಈ ಪರೀಕ್ಷೆಯ ಕ್ರಮವಿದೆ. ಗುಂಡಿಯು ಎಷ್ಟು ಆಳಕ್ಕೆ ಹೋಗಬೇಕೆಂದಿದೆಯೋ ಆ ಆಳದ ಮಣ್ಣಿನಲ್ಲಿಯೇ, ಒಂದು ಗೇಣು ಅಗಲದ ಚಿಕ್ಕ ಕುಳಿಯನ್ನು ತೋಡಬೇಕು. ಮೇಲ್ಮಣ್ಣನ್ನು ಪರೀಕ್ಷಿಸಿ ಕೆಳಮಣ್ಣಿನಲ್ಲಿ ಗುಂಡಿ ಮಾಡುವುದು ವ್ಯರ್ಥ. ಹಾರೆ ಸಲಿಕೆಗಳ ಅಲಗು ಹಸಿಯಾದ ಜೇಡಿಯನ್ನು ಸವರಿ ನುಣುಪಾದ ಲೇಪವನ್ನು ಉಂಟುಮಾಡುವುದರಿಂದ ಕುಳಿಯ ಗೋಡೆಗಳನ್ನು ಮೊನಚಾದ ಕಡ್ಡಿಯಿಂದ ಗೀರಿ ಒರಟುಮಾಡಿ, ಉದುರಿದ ಪುಡಿಯನ್ನು ತೆಗೆದುಹಾಕಿ, ತಳಕ್ಕೆ 50 ಮಿಲಿಮೀಟರಿನಷ್ಟು ದಪ್ಪಮರಳನ್ನು ಹಾಕಬೇಕು. ಅನಂತರ ಅದರ ಮೇಲೆ 300 ಮಿಲಿಮೀಟರು ನೀರು ನಿಲ್ಲುವಂತೆ ತುಂಬಿ, ಕನಿಷ್ಠಪಕ್ಷ ನಾಲ್ಕು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ, ನೆಲವನ್ನು ನೆನೆಯಗೊಡಬೇಕು. ಮರುದಿನ ತಳದ ಮರಳಿನಿಂದ 150 ಮಿಲಿಮೀಟರಿಗೆ ನೀರನ್ನು ತಂದು ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತೆಂದು ಅಳೆದು, ಮತ್ತೆ 150ಕ್ಕೆ ತುಂಬುತ್ತ ನಾಲ್ಕು ಗಂಟೆ ಮುಂದುವರಿಸಬೇಕು. ಅರ್ಧ ಗಂಟೆಯೊಳಗೆ ನೀರೆಲ್ಲ ಮಾಯವಾಗುವ ಮರಳುನೆಲದಲ್ಲಿ ಹತ್ತು ನಿಮಿಷಕ್ಕೊಮ್ಮೆ ಅಳೆದು ಒಂದು ಗಂಟೆಯಲ್ಲಿ ಮುಗಿಸಿದರೆ ಸಾಕು. ಲೆಕ್ಕಕ್ಕೆ ಬರುವುದು ಕಟ್ಟಕಡೆಯ ಅಳತೆಯೊಂದೇ; ಅದರಿಂದ ನೀರು 25 ಮಿಲಿಮೀಟರು ಇಳಿಯಲು ತಗಲುವ ನಿಮಿಷಗಳನ್ನು ಕಂಡುಹಿಡಿಯಬೇಕು.

ಈ ಕ್ರಮದಲ್ಲಿ ಜನರು ಬಿಟ್ಟುಬಿಡುವುದು ನೆನೆಯಿಸುವ ಹಂತವನ್ನು. ಎರೆಯ ನಾಡಿನಲ್ಲಿ ಗುಂಡಿಗಳು ಕೆಡುವುದಕ್ಕೆ ಇದೇ ಮುಖ್ಯ ಕಾರಣ. ಏಪ್ರಿಲ್ ತಿಂಗಳಿನಲ್ಲಿ ಎರೆಯ ಹೊಲವನ್ನು ನೋಡಿದವರಿಗೆ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಪರಿಚಿತವಾಗಿವೆ. ಆ ಸಮಯದಲ್ಲಿ ಕುಳಿಗೆ ಸುರಿದ ಕೊಡನೀರು ಕ್ಷಣಮಾತ್ರದಲ್ಲಿ ಕಾಣೆಯಾಗುವುದನ್ನು ಕಂಡು ಗೌಂಡಿಯು, ‘ನೆಲ ನೀರು ಕುಡೀತೈತ್ರೀ, ಏನೂ ಚಿಂತಿಲ್ಲ’ ಎಂದು ಅಭಯವನ್ನು ಕೊಟ್ಟರೆ ಆತನನ್ನು ದೂರುವಂತಿಲ್ಲ. ಕಣ್ಣಿಗೆ ಕಂಡದ್ದನ್ನೇ ಆತ ಹೇಳಿದ್ದಾನೆ. ಆದರೆ ನೀರು ಇಳಿದುಹೋದದ್ದು ಮಣ್ಣಿನೊಳಕ್ಕಲ್ಲ, ಬಿರುಕಿನೊಳಕ್ಕೆ. ಎರೆಯಲ್ಲಿರುವ ಜೇಡಿಯ ಹಾಳೆಗಳು ತಮ್ಮ ನಡುವೆ ನೀರನ್ನು ಎಳೆದುಕೊಂಡು ಉಬ್ಬುವ ಜಾತಿಯವು. ಒಂದು ರಾತ್ರಿ ನೆನೆದ ಮೇಲೆ ಬಿರುಕುಗಳು ಬಹುಮಟ್ಟಿಗೆ ಮುಚ್ಚಿಹೋಗಿ, ಹಿಂದಿನ ದಿನ ಹತ್ತು ನಿಮಿಷದಲ್ಲಿ ಕುಳಿಯನ್ನು ಬರಿದುಮಾಡಿದ ನೆಲವೇ ಈಗ ಅರ್ಧ ಗಂಟೆಯಲ್ಲಿ ಐದಾರು ಮಿಲಿಮೀಟರು ಕುಡಿದರೆ ಹೆಚ್ಚು. ಗುಂಡಿಯು ದಿನನಿತ್ಯ ತೇವವಾಗಿಯೇ ಇರತಕ್ಕದ್ದಾದುದರಿಂದ, ಅದರ ಬಾಳಿನುದ್ದಕ್ಕೂ ಅನ್ವಯಿಸುವುದು ಒಣನೆಲದ ವೇಗವಲ್ಲ, ಉಬ್ಬಿದ ನೆಲದ ವೇಗ.

ಈಗ ಒಂದು ಮನೆಯ ಲೆಕ್ಕವನ್ನು ಮಾಡೋಣ. ಐದು ಜನರ ಕುಟುಂಬ. ಸ್ನಾನ, ಪಾತ್ರೆ, ಬಟ್ಟೆಗಳಿಂದ ದಿನಕ್ಕೆ 200 ಲೀಟರು ನೀರು ಗುಂಡಿಗೆ ಬರುತ್ತದೆಂದು ಇಟ್ಟುಕೊಳ್ಳೋಣ. ಶೌಚಾಲಯದ ನೀರು ಇದರಲ್ಲಿ ಸೇರಿಲ್ಲ. ನಿವೇಶನವು ಧಾರವಾಡದ ಪಶ್ಚಿಮದ ಕೆಮ್ಮಣ್ಣಿನಲ್ಲಿದ್ದು, ಅರ್ಧರ್ಧ ಗಂಟೆಯ ಎಂಟು ಅಳತೆಗಳಲ್ಲಿ ನೀರು ಕ್ರಮವಾಗಿ 55, 44, 38, 34, 32, 31, 30, 30 ಮಿಲಿಮೀಟರು ಇಳಿಯಿತೆನ್ನೋಣ. ಅಂಕಿಗಳು ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಕುಗ್ಗಿ ಒಂದೆಡೆ ನಿಲ್ಲುವುದೇ ಪರೀಕ್ಷೆಯು ಸರಿಯಾಗಿ ನಡೆದುದರ ಗುರುತು. ಕೊನೆಯ 30 ಮಿಲಿಮೀಟರನ್ನು ಹಿಡಿದರೆ 25 ಮಿಲಿಮೀಟರು ಇಳಿಯಲು 25 ನಿಮಿಷವಾಗುತ್ತದೆ. ಮಾನಕದಲ್ಲಿರುವ ಸೂತ್ರವು ಇದು:

Q = 204 / √t

ಇಲ್ಲಿ t ಎಂಬುದು ಆ ನಿಮಿಷಗಳು. Q ಎಂಬುದು ಚದರ ಮೀಟರೊಂದಕ್ಕೆ ದಿನವೊಂದಕ್ಕೆ ಬಿಡಬಹುದಾದ ನೀರು, ಲೀಟರುಗಳಲ್ಲಿ. ಇಪ್ಪತ್ತೈದರ ವರ್ಗಮೂಲ ಐದು; 204ನ್ನು ಐದರಿಂದ ಭಾಗಿಸಿದರೆ ಸುಮಾರು 41. ದಿನದ 200 ಲೀಟರಿಗೆ ಬೇಕಾದ ವಿಸ್ತೀರ್ಣವು 4.9 ಚದರ ಮೀಟರು. ಗುಂಡಿಯ ತಳವು ಕೆಸರು ಕುಳಿತು ಬೇಗನೆ ಕಟ್ಟಿಕೊಳ್ಳುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದೆ, ಒಳಬರುವ ಕೊಳವೆಯ ಕೆಳಗಿನ ಸುತ್ತುಗೋಡೆಯನ್ನು ಮಾತ್ರ ಹಿಡಿಯತಕ್ಕದ್ದು. ಒಂದು ಮೀಟರು ವ್ಯಾಸದ ಗುಂಡಿಯಲ್ಲಿ ಪ್ರತಿ ಮೀಟರು ಆಳಕ್ಕೆ 3.14 ಚದರ ಮೀಟರು ಗೋಡೆ ದೊರೆಯುವುದರಿಂದ, ಕೊಳವೆಯ ಕೆಳಗೆ ಆಳವು 1.56 ಮೀಟರು ಇರಬೇಕಾಯಿತು. ಮೊದಲನೆಯ ಅಳತೆಯಾದ 55 ಮಿಲಿಮೀಟರನ್ನೇ ನಂಬಿದ್ದರೆ 1.15 ಮೀಟರು ಸಾಕೆಂದು ಲೆಕ್ಕವು ಹೇಳುತ್ತಿತ್ತು; ಗೋಡೆಯ ಕಾಲುಭಾಗಕ್ಕಿಂತ ಹೆಚ್ಚು ಕೊರತೆಯೊಡನೆ ಆ ಗುಂಡಿಯು ಬದುಕನ್ನು ಆರಂಭಿಸುತ್ತಿತ್ತು.

ಇದೇ ಕುಟುಂಬವು ಕುಂದಾಪುರದ ಕಡಲಂಚಿನ ಮರಳುನೆಲದಲ್ಲಿ ಮನೆಯನ್ನು ಕಟ್ಟಿ, ಕೊನೆಯ ಹತ್ತು ನಿಮಿಷದಲ್ಲಿ ನೀರು 50 ಮಿಲಿಮೀಟರು ಇಳಿದುದನ್ನು ಕಂಡಿದ್ದರೆ, t ಐದು ನಿಮಿಷವಾಗಿ, Q ಸುಮಾರು 91 ಲೀಟರಾಗಿ, 2.2 ಚದರ ಮೀಟರು ಗೋಡೆಯೂ ಅದೇ ವ್ಯಾಸದಲ್ಲಿ 70 ಸೆಂಟಿಮೀಟರು ಆಳವೂ ಸಾಕಾಗುತ್ತಿದ್ದವು. ನೀರಿಳಿಯುವ ವೇಗವು ಐದು ಪಟ್ಟು ಹೆಚ್ಚಿದ್ದರೂ ಗುಂಡಿಯು ಕಿರಿದಾದುದು ಎರಡೂಕಾಲು ಪಟ್ಟು ಮಾತ್ರ ಎಂಬುದನ್ನು ಓದುಗರು ಗಮನಿಸಿರಬಹುದು. ಸೂತ್ರದಲ್ಲಿ ವರ್ಗಮೂಲವು ಏಕೆ ಬಂದಿತು? ಮೇಲೆ ಮುಂದಕ್ಕೆ ಹಾಕಿದ್ದ ಎರಡನೆಯ ಉತ್ತರವು ಇಲ್ಲಿದೆ.

ಮರಳುನೆಲದ ಕುಳಿಯಲ್ಲಿ ಐದು ನಿಮಿಷಕ್ಕೆ 25 ಮಿಲಿಮೀಟರು ಇಳಿದರೆ ದಿನಕ್ಕೆ 7.2 ಮೀಟರು ಇಳಿದಂತಾಯಿತು. ಕುಳಿಯ ಬಾಯಿಯ ಚದರ ಮೀಟರಿಗೆ ದಿನಕ್ಕೆ 7,200 ಲೀಟರು. ಆದರೆ ಆ ನೀರು ಕುಳಿಯ ತಳದಿಂದ ಮಾತ್ರವಲ್ಲದೆ ನಾಲ್ಕು ಗೋಡೆಗಳಿಂದಲೂ ಹೊರಟಿದೆ. ಕುಳಿಯು 200 ಮಿಲಿಮೀಟರಿನ ಚೌಕವಾಗಿದ್ದು 150 ಮಿಲಿಮೀಟರು ನೀರಿದ್ದರೆ, ನೆನೆದ ಮೈ ತಳದ ನಾಲ್ಕರಷ್ಟಾಗುತ್ತದೆ. ಆದುದರಿಂದ ನಿಜವಾಗಿ ಮಣ್ಣಿನ ಒಂದು ಚದರ ಮೀಟರು ಕುಡಿಯುತ್ತಿರುವುದು ಸುಮಾರು 1,800 ಲೀಟರು. ಮಾನಕವಾದರೋ 91 ಲೀಟರಿಗೆ ಮಾತ್ರ ಅನುಮತಿ ಕೊಡುತ್ತದೆ: ಇಪ್ಪತ್ತರಲ್ಲಿ ಒಂದು ಭಾಗ. ಕೆಮ್ಮಣ್ಣಿಗೂ ಇದೇ ಲೆಕ್ಕವನ್ನು ಹಾಕಿದರೆ ಚದರ ಮೀಟರಿಗೆ 360 ಲೀಟರು ಕುಡಿಯಬಲ್ಲ ನೆಲಕ್ಕೆ 41 ಲೀಟರು ಮಂಜೂರಾಗಿದೆ. ಇದು ಒಂಬತ್ತರಲ್ಲಿ ಒಂದು ಭಾಗ. ಎರಡು ನೆಲಗಳ ಶಕ್ತಿಯನ್ನೂ ಸೂತ್ರವು ಕಡಿತಗೊಳಿಸಿತು; ಮರಳಿನದನ್ನು ಹೆಚ್ಚಾಗಿ ಕಡಿತಗೊಳಿಸಿತು.

ಕಾರಣವಿಷ್ಟೆ. ಪರೀಕ್ಷೆಗೆ ಬಳಸಿದ್ದು ತಿಳಿನೀರು. ಗುಂಡಿಗೆ ಬರುವುದು ಸಾಬೂನು, ಜಿಡ್ಡು, ಅನ್ನದ ಅಗುಳು, ಕೂದಲು, ಬಟ್ಟೆಯ ನೂಲುಗಳನ್ನು ಹೊತ್ತ ನೀರು. ಇವು ಗೋಡೆಯ ರಂಧ್ರಗಳಲ್ಲಿ ಸಿಕ್ಕಿಕೊಂಡು, ಅವುಗಳನ್ನುಂಡು ಬೆಳೆಯುವ ಸೂಕ್ಷ್ಮಜೀವಿಗಳು ಕೆಲವೇ ತಿಂಗಳುಗಳಲ್ಲಿ ಮಣ್ಣಿನ ಮೈಮೇಲೆ ಒಂದು ಕಪ್ಪು ಲೋಳೆಯ ಪೊರೆಯನ್ನು ಹೊದಿಸುತ್ತವೆ. ಅಂದಿನಿಂದ ನೀರಿನ ವೇಗವನ್ನು ನಿಯಂತ್ರಿಸುವುದು ಹೊರಗಿನ ಮಣ್ಣಿಗಿಂತ ಹೆಚ್ಚಾಗಿ ಈ ಪೊರೆ. ಮರಳಿನ ಗುಂಡಿಯೂ ತನ್ನ ಒಳಮೈಗೆ ತಾನೇ ಜೇಡಿಯನ್ನು ಬಳಿದುಕೊಂಡಂತಾಯಿತು. ಅಮೆರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ ಹೆನ್ರಿ ರೈಯಾನ್ ಎಂಬ ಎಂಜಿನಿಯರನು 1920ರ ದಶಕದಲ್ಲಿ ಈ ಪರೀಕ್ಷೆಯನ್ನು ರೂಪಿಸಿದಾಗ ಹೊಸ ಗುಂಡಿಗಳನ್ನು ನಂಬದೆ, ಬಹುಕಾಲ ಬಳಕೆಯಲ್ಲಿದ್ದ ಇಂಗುನೆಲಗಳ ಪಕ್ಕದಲ್ಲಿ ಕುಳಿ ತೋಡಿ, ಅಲ್ಲಿ ನೀರಿಳಿಯುವ ವೇಗಕ್ಕೂ ಆ ನೆಲವು ತಾಳಿಕೊಂಡ ಹೊರೆಗೂ ಸಂಬಂಧವನ್ನು ಹುಡುಕಿದನು. ಇಂದಿನ ಸೂತ್ರದ ಮೂಲವು ಆ ಅನುಭವದಲ್ಲಿದೆ. ಆದುದರಿಂದ ಅದು ಕೊಡುವ ಅಂಕಿಯು ಗುಂಡಿಯ ಯೌವನದ್ದಲ್ಲ, ವಾರ್ಧಕ್ಯದ್ದು.

ಗುಂಡಿಯು ಉಕ್ಕಿದಾಗ ದೋಷವು ಎಲ್ಲಿದೆಯೆಂಬುದನ್ನು ಅದು ಉಕ್ಕುವ ಕಾಲವೇ ಹೇಳುತ್ತದೆ. ಬಳಕೆಗೆ ಬಂದ ವಾರಗಳಲ್ಲಿಯೇ ನೀರು ನಿಂತರೆ ಅಂದಾಜು ತಪ್ಪಿದೆ, ಅಥವಾ ತೋಡುವಾಗ ಗೋಡೆಗಳು ಸಲಿಕೆಯಿಂದ ಮೆತ್ತಿಹೋಗಿವೆ. ಮಳೆಗಾಲದಲ್ಲಿ ಮಾತ್ರ ನಿಂತು ಕಾರ್ತಿಕದ ಹೊತ್ತಿಗೆ ತಾನಾಗಿ ಇಳಿದರೆ ಅಂತರ್ಜಲವು ಮೇಲೇರಿ ಗುಂಡಿಯ ತಳವನ್ನು ಮುಟ್ಟುತ್ತಿದೆ. ಅಲ್ಲಿ ಆಳವನ್ನು ಹೆಚ್ಚಿಸಿದಷ್ಟೂ ಕೇಡು, ಅಗಲವನ್ನು ಹೆಚ್ಚಿಸಬೇಕು. ಒಂದೆರಡು ವರ್ಷ ಸುಖವಾಗಿ ನಡೆದು ಆಮೇಲೆ ಋತುಭೇದವಿಲ್ಲದೆ ದಿನೇ ದಿನೇ ನೀರಿನ ಮಟ್ಟವು ಏರುತ್ತ ಬಂದರೆ ಪೊರೆಯು ದಪ್ಪವಾಗಿದೆ. ಅದಕ್ಕೆ ಮದ್ದು, ಗುಂಡಿಗೆ ಮುಂಚೆ ಜಿಡ್ಡನ್ನೂ ಕಸವನ್ನೂ ತಡೆಯುವ ಚಿಕ್ಕ ತೊಟ್ಟಿ. ಅದಕ್ಕಿಂತಲೂ ಉತ್ತಮವಾದದ್ದು ಸರದಿಯಂತೆ ಬಳಸುವ ಎರಡು ಗುಂಡಿಗಳು, ಏಕೆಂದರೆ ಕೆಲವು ತಿಂಗಳು ಒಣಗಿ ಗಾಳಿಯಾಡಿದ ಗೋಡೆಯಲ್ಲಿ ಪೊರೆಯು ಕ್ಷಯಿಸಿ ಮಣ್ಣು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಒಳಗೆ ತುಂಬುವ ದಪ್ಪಕಲ್ಲುಗಳು ಗೋಡೆ ಕುಸಿಯದಂತೆ ಹಿಡಿದಿಡುವುದಲ್ಲದೆ ಇಂಗುವಿಕೆಯನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಉಳಿದದ್ದು ಲೆಕ್ಕದ ಎರಡು ಗಡಿಗಳು. ಮಾನಕದ ಪ್ರಕಾರ t 30 ನಿಮಿಷವನ್ನು ಮೀರಿದರೆ ಗುಂಡಿಯು ಯೋಗ್ಯವಲ್ಲ. 60ನ್ನು ಮೀರಿದರೆ ಇಂಗಿಸುವ ಯಾವ ಏರ್ಪಾಡೂ ಯೋಗ್ಯವಲ್ಲ. ಅರ್ಧ ಗಂಟೆಗೆ ಆರು ಮಿಲಿಮೀಟರು ಕುಡಿಯುವ ನವಲಗುಂದದ ಎರೆಯಲ್ಲಿ t 125 ನಿಮಿಷವಾಗುತ್ತದೆ; ಸೂತ್ರದಲ್ಲಿ ಇಟ್ಟರೆ ಅಲ್ಲಿಯೂ ಒಂದು ಉತ್ತರವು ಬಂದೀತಾದರೂ ಆ ಉತ್ತರಕ್ಕೆ ಅರ್ಥವಿಲ್ಲ. ಅಲ್ಲಿ ಎರೆಯ ಪದರವು ತೆಳುವಾಗಿದ್ದು ಕೆಳಗೆ ಗರಸು ಸಿಕ್ಕುವುದಾದರೆ, ಗರಸಿನ ಆಳದಲ್ಲಿ ಹೊಸದಾಗಿ ಪರೀಕ್ಷೆ ಮಾಡಿ, ಆ ಪದರದ ಗೋಡೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಗುಂಡಿಯನ್ನು ತೋಡಬಹುದು. ಗರಸು ಸಿಕ್ಕದಿದ್ದರೆ ನೀರನ್ನು ನೆಲದೊಳಕ್ಕೆ ತಳ್ಳುವ ಆಸೆಯನ್ನು ಬಿಟ್ಟು, ಹಿತ್ತಿಲಿನ ಬಾಳೆ, ತೆಂಗುಗಳ ಪಾತಿಗೆ ಹರಿಸಿ ಬಿಸಿಲಿಗೂ ಎಲೆಗಳಿಗೂ ಆ ಕೆಲಸವನ್ನು ವಹಿಸುವುದೇ ಲೇಸು.

ಇನ್ನೊಂದು ಗಡಿಯು ಮರಳಿನ ಕಡೆಯದು. t ಒಂದು ನಿಮಿಷಕ್ಕಿಂತ ಎಷ್ಟೇ ಕಡಮೆಯಾದರೂ ಮಾನಕವು 204 ಲೀಟರಿಗಿಂತ ಹೆಚ್ಚಿನದಕ್ಕೆ ಒಪ್ಪುವುದಿಲ್ಲ. ಅತಿ ವೇಗವಾಗಿ ಹಾಯುವ ನೀರಿಗೆ ಮಣ್ಣಿನಲ್ಲಿ ಶುದ್ಧಿಯಾಗಲು ಬೇಕಾದ ಕಾಲವು ದೊರೆಯುವುದಿಲ್ಲ. ಕರಾವಳಿಯಲ್ಲಿ ಮಳೆಗಾಲದ ಬಾವಿನೀರು ಕೈಗೆ ಎಟುಕುವಷ್ಟು ಮೇಲಿರುವಾಗ ಇಂದು ಗುಂಡಿಗೆ ಹೋದದ್ದು ಕೆಲವು ದಿನಗಳಲ್ಲಿ ಕೊಡಕ್ಕೆ ಬಂದೀತು. ಆದುದರಿಂದ ಕುಡಿಯುವ ನೀರಿನ ಬಾವಿಯಿಂದ 18 ಮೀಟರಿಗಿಂತ ಹತ್ತಿರ ಗುಂಡಿಯು ಇರಕೂಡದೆಂಬ ವಿಧಿಯನ್ನು ಎರೆಯವನಿಗಿಂತ ಮರಳಿನವನು ಹೆಚ್ಚು ನಿಷ್ಠೆಯಿಂದ ಪಾಲಿಸಬೇಕು. ನಿವೇಶನವು ಅದಕ್ಕೆ ಎಡೆಗೊಡದಿದ್ದರೆ, ನೆಲವು ಎಷ್ಟೇ ಚೆನ್ನಾಗಿ ಕುಡಿಯಲಿ, ಅಲ್ಲಿ ಗುಂಡಿಯನ್ನು ತೋಡಬಾರದು.